ಪೀಸ್ ರೇಟ್, ಹಾಲ್ಸೆ–ರೋವನ್, ಲೇಬರ್ ಟರ್ನೋವರ್: ಲೆಕ್ಕ ಎಲ್ಲಿ ತಪ್ಪುತ್ತದೆ, ಯಾವ ಕ್ರಮದಲ್ಲಿ ಬಿಡಿಸಬೇಕು

ಕಾಸ್ಟ್ ಅಕೌಂಟಿಂಗ್‌ನ ಕೂಲಿ ವೆಚ್ಚದ ಅಧ್ಯಾಯದಲ್ಲಿ ಸೂತ್ರ ಮರೆತು ಅಂಕ ಕಳೆದುಕೊಳ್ಳುವವರು ಕಡಿಮೆ. ಸೂತ್ರ ಸರಿಯಾಗಿಯೇ ಬರೆದಿರುತ್ತಾರೆ. ಆದರೆ ಅದರೊಳಗೆ ಹಾಕಬೇಕಾದ ಅಂಕಿಯ ಬದಲು ಇನ್ನೊಂದನ್ನು ಹಾಕಿರುತ್ತಾರೆ. ನಿಗದಿತ ಸಮಯ ಇರಬೇಕಾದ ಕಡೆ ಕೆಲಸಕ್ಕೆ ಹಿಡಿದ ಸಮಯ ಬಂದಿರುತ್ತದೆ, ಬದಲಿಯಾಗಿ ಸೇರಿದವರ ಜಾಗದಲ್ಲಿ ಹೊಸದಾಗಿ ಸೇರಿದವರೆಲ್ಲರ ಸಂಖ್ಯೆ ಕುಳಿತಿರುತ್ತದೆ. ಉತ್ತರಪತ್ರಿಕೆ ತಿದ್ದುವಾಗ ನಾನು ಮತ್ತೆ ಮತ್ತೆ ನೋಡುವುದು ಇದನ್ನೇ. ಆದ್ದರಿಂದ ಈ ಬರಹದಲ್ಲಿ ಪದ್ಧತಿಗಳ ವಿವರಣೆಗಿಂತ, ಯಾವ ಅಂಕಿಯನ್ನು ಮೊದಲು ಹುಡುಕಬೇಕು, ಯಾವುದನ್ನು ಆಮೇಲೆ, ತಪ್ಪಿದ್ದೇವೆ ಎಂದು ಹೇಗೆ ಗೊತ್ತಾಗುತ್ತದೆ ಎಂಬುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಬೇಕಾಗುವ ಸಾಮಗ್ರಿ ಇಷ್ಟೇ: ಒಂದು ಸಾದಾ ಕ್ಯಾಲ್ಕುಲೇಟರ್, ಅಡ್ಡಗೆರೆ ಹಾಕಿದ ಹಾಳೆ, ಪ್ರಶ್ನೆಯ ಮೇಲೆ ಗುರುತು ಹಾಕಲು ಪೆನ್ಸಿಲ್. ಒಂದೇ ಉದಾಹರಣೆಯನ್ನು ಎಲ್ಲ ಪದ್ಧತಿಗಳ ಮೂಲಕ ಒಯ್ಯುತ್ತೇನೆ. ನೀವೂ ಜೊತೆಜೊತೆಗೆ ಬರೆದುಕೊಳ್ಳುತ್ತಾ ಹೋಗಿ.

## ಹಂತ 1: ಹಾಳೆಯ ತಲೆಯಲ್ಲಿ ನಾಲ್ಕು ಅಂಕಿ

ಪ್ರಶ್ನೆ ಹೀಗಿದೆ ಎಂದುಕೊಳ್ಳಿ. ಒಂದು ಬಿಡಿಭಾಗ ತಯಾರಿಸಲು ನಿಗದಿಯಾದ ಸಮಯ 6 ನಿಮಿಷ. ಗಂಟೆಗೆ ಕೂಲಿ 80 ರೂ. ದಿನಕ್ಕೆ 8 ಗಂಟೆ ಕೆಲಸ. ಆ ದಿನ ‘ಅ’ 60, ‘ಬ’ 80, ‘ಕ’ 100 ಬಿಡಿಭಾಗ ತಯಾರಿಸಿದ್ದಾರೆ. ಬೇರೆ ಬೇರೆ ಪದ್ಧತಿಗಳಲ್ಲಿ ಪ್ರತಿಯೊಬ್ಬರ ಗಳಿಕೆ ಎಷ್ಟು?

ಯಾವ ಪದ್ಧತಿ ಕೇಳಿದ್ದಾರೆ ಎಂದು ನೋಡುವ ಮುಂಚೆಯೇ ನಾಲ್ಕು ಅಂಕಿಗಳನ್ನು ಬರೆದುಬಿಡಿ.

1. ಗಂಟೆಯ ಕೂಲಿ ದರ: 80 ರೂ.
2. ಗಂಟೆಗೆ ನಿಗದಿತ ಉತ್ಪಾದನೆ: 60 ÷ 6 = 10 ಬಿಡಿಭಾಗ.
3. ದಿನದ ನಿಗದಿತ ಉತ್ಪಾದನೆ: 10 × 8 = 80 ಬಿಡಿಭಾಗ.
4. ಸಾಮಾನ್ಯ ತುಂಡು ದರ: 80 ÷ 10 = 8 ರೂ.

ತುಂಡು ದರವನ್ನು ಹೆಚ್ಚಿನ ಪ್ರಶ್ನೆಗಳಲ್ಲಿ ನೇರವಾಗಿ ಕೊಟ್ಟಿರುವುದಿಲ್ಲ. ಗಂಟೆಯ ಕೂಲಿಯನ್ನು ಗಂಟೆಯ ನಿಗದಿತ ಉತ್ಪಾದನೆಯಿಂದ ಭಾಗಿಸಿ ನಾವೇ ತೆಗೆಯಬೇಕು. ಇಲ್ಲಿ ಒಂದು ಎಚ್ಚರಿಕೆ ಇದೆ. ಕೆಲಸಗಾರ ನಿಜವಾಗಿ ಮಾಡಿದ ಉತ್ಪಾದನೆಯಿಂದ ಭಾಗಿಸಬಾರದು. ‘ಕ’ನ 100 ಬಿಡಿಭಾಗಕ್ಕೆ 640 ರೂ. ಹಂಚಿ ತುಂಡು ದರ 6.40 ರೂ. ಎಂದು ಬರೆದರೆ, ಹೆಚ್ಚು ದುಡಿದವನಿಗೆ ಕಡಿಮೆ ದರ ಕೊಟ್ಟಂತಾಗುತ್ತದೆ. ಒಬ್ಬೊಬ್ಬರಿಗೂ ಒಂದೊಂದು ತುಂಡು ದರ ಬರುತ್ತಿದೆಯೆಂದರೆ ಭಾಗಿಸಿದ ಅಂಕಿ ತಪ್ಪಿದೆ ಎಂದೇ ಅರ್ಥ.

ಇನ್ನೊಂದು ಬಲೆ: ಕೆಲವು ಪ್ರಶ್ನೆಗಳು ‘ಸಾಮಾನ್ಯ ಸಮಯ ಇಷ್ಟು, ಪ್ರೋತ್ಸಾಹ ಯೋಜನೆಗಾಗಿ ಅದಕ್ಕೆ ಶೇ 20 ಸೇರಿಸಬೇಕು’ ಎನ್ನುತ್ತವೆ. ಹಾಗಿದ್ದಾಗ ನಿಗದಿತ ಸಮಯ ಎಂದರೆ ಸೇರಿಸಿದ ನಂತರದ ಸಮಯ. 5 ನಿಮಿಷ ಎಂದಿದ್ದು ಶೇ 20 ಸೇರಿಸಿ ಎಂದಿದ್ದರೆ ಮೇಲಿನ 6 ನಿಮಿಷ ಸಿಗುತ್ತದೆ. ಈ ಕೂಡಿಕೆಯನ್ನು ಮೊದಲ ಸಾಲಿನಲ್ಲೇ ಮಾಡಿಬಿಡಿ. ಮಧ್ಯದಲ್ಲಿ ನೆನಪಾದರೆ ಅಷ್ಟರಲ್ಲಿ ಅರ್ಧ ಲೆಕ್ಕ ಹಳೆಯ ಅಂಕಿಯಲ್ಲೇ ಆಗಿಹೋಗಿರುತ್ತದೆ.

## ಹಂತ 2: ಸಾದಾ ತುಂಡು ದರ, ಮತ್ತು ಆ ಒಂದು ವಾಕ್ಯ

ಸಾದಾ ಪದ್ಧತಿಯಲ್ಲಿ ಮಾಡಿದ ತುಂಡುಗಳನ್ನು ತುಂಡು ದರದಿಂದ ಗುಣಿಸಿದರೆ ಮುಗಿಯಿತು. ‘ಅ’ಗೆ 60 × 8 = 480 ರೂ., ‘ಬ’ಗೆ 640 ರೂ., ‘ಕ’ಗೆ 800 ರೂ.

ಆದರೆ ಪ್ರಶ್ನೆಯ ಕೊನೆಯಲ್ಲಿ ಎಲ್ಲೋ ‘ದಿನಗೂಲಿಯ ಖಾತರಿ ಇದೆ’ ಎಂಬ ಮಾತು ಇರಬಹುದು. ಅದಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಖಾತರಿ ಇದ್ದರೆ ‘ಅ’ಗೆ 480 ಅಲ್ಲ, 8 × 80 = 640 ರೂ. ಸಿಗಬೇಕು. ಖಾತರಿ ಎಂದರೆ ತುಂಡುಗೂಲಿ, ಕಾಲಗೂಲಿ ಎರಡರಲ್ಲಿ ಯಾವುದು ಹೆಚ್ಚೋ ಅದು. ಎರಡನ್ನೂ ಕೂಡಿಸುವುದಲ್ಲ. 480 ಮತ್ತು 640ನ್ನು ಕೂಡಿಸಿ 1,120 ಎಂದು ಬರೆದ ಉತ್ತರಗಳನ್ನು ಕಂಡಿದ್ದೇನೆ. ಅತಿ ಕಡಿಮೆ ಮಾಡಿದವನಿಗೆ ಅತಿ ಹೆಚ್ಚು ಕೂಲಿ ಬಂದಿದೆಯಲ್ಲ ಎಂದು ಒಂದು ಕ್ಷಣ ನೋಡಿದ್ದರೆ ಆ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.

## ಹಂತ 3: ಟೇಲರ್, ಮೆರಿಕ್ — ದರಕ್ಕಿಂತ ಮೊದಲು ದಕ್ಷತೆ

ವಿಭೇದಾತ್ಮಕ ತುಂಡು ದರ ಎಂದಾಗ, ಎಷ್ಟು ದಕ್ಷತೆಗೆ ಯಾವ ದರ ಎಂಬುದೇ ಪ್ರಶ್ನೆ. ಹಾಗಾಗಿ ದಕ್ಷತೆಯನ್ನು ಮೊದಲು ಕಂಡುಹಿಡಿಯಿರಿ. ನಿಜವಾದ ಉತ್ಪಾದನೆಯನ್ನು ನಿಗದಿತ ಉತ್ಪಾದನೆಯಿಂದ ಭಾಗಿಸಿ 100ರಿಂದ ಗುಣಿಸಬೇಕು. ‘ಅ’ ಶೇ 75, ‘ಬ’ ಶೇ 100, ‘ಕ’ ಶೇ 125.

ಟೇಲರ್ ಪದ್ಧತಿಯಲ್ಲಿ ದರ ಎರಡೇ. ನಿಗದಿತ ಮಟ್ಟ ತಲುಪದವನಿಗೆ ಕೆಳದರ, ತಲುಪಿದವನಿಗೂ ಮೀರಿದವನಿಗೂ ಮೇಲ್ದರ. ಆ ದರಗಳು ಸಾಮಾನ್ಯ ದರದ ಶೇ ಎಷ್ಟು ಎಂಬುದು ಪ್ರಶ್ನೆಯಿಂದ ಪ್ರಶ್ನೆಗೆ ಬದಲಾಗುತ್ತದೆ, ಆದ್ದರಿಂದ ಕೊಟ್ಟದ್ದನ್ನೇ ಹಿಡಿಯಿರಿ. ಇಲ್ಲಿ ಶೇ 80 ಮತ್ತು ಶೇ 120 ಎಂದುಕೊಂಡರೆ ಕೆಳದರ 6.40 ರೂ., ಮೇಲ್ದರ 9.60 ರೂ. ‘ಅ’ಗೆ 60 × 6.40 = 384 ರೂ. ‘ಬ’ಗೆ 80 × 9.60 = 768 ರೂ. ‘ಕ’ಗೆ 100 × 9.60 = 960 ರೂ.

ಇಲ್ಲಿ ಆಗುವ ದೊಡ್ಡ ತಪ್ಪು ಒಂದೇ. ‘ಕ’ನ ಮೊದಲ 80 ತುಂಡುಗಳಿಗೆ ಕೆಳದರ, ಉಳಿದ 20ಕ್ಕೆ ಮೇಲ್ದರ ಎಂದು ಒಡೆಯುತ್ತಾರೆ. ಹಾಗಿಲ್ಲ. ಮಟ್ಟ ತಲುಪಿದ ಮೇಲೆ ಮಾಡಿದ ತುಂಡುಗಳೆಲ್ಲಕ್ಕೂ ಮೇಲ್ದರವೇ ಅನ್ವಯ. ಇದರ ಪರಿಣಾಮ ಎಷ್ಟು ಕಠಿಣ ಎಂಬುದನ್ನು ಒಂದು ಲೆಕ್ಕ ಮಾಡಿ ನೋಡಿದರೆ ನಿಯಮ ಮರೆಯುವುದಿಲ್ಲ. 79 ತುಂಡು ಮಾಡಿದವನಿಗೆ 505.60 ರೂ., 80 ಮಾಡಿದವನಿಗೆ 768 ರೂ. ಒಂದೇ ಒಂದು ತುಂಡಿಗೆ 262.40 ರೂ. ಅಂತರ. ಟೇಲರ್ ಪದ್ಧತಿಯಲ್ಲಿ ದಿನಗೂಲಿಯ ಖಾತರಿಯೂ ಇಲ್ಲ. ‘ಅ’ಗೆ 384 ರೂ. ಬಂದದ್ದು ಕಂಡು ಕನಿಕರದಿಂದ 640 ಮಾಡಬೇಡಿ.

ಈ ಕಠಿಣ ಏರಿಳಿತವನ್ನು ಮೆರಿಕ್ ಪದ್ಧತಿ ಮೂರು ಮೆಟ್ಟಿಲುಗಳಾಗಿ ತಗ್ಗಿಸುತ್ತದೆ. ಶೇ 83ರವರೆಗೆ ಸಾಮಾನ್ಯ ದರ, ಶೇ 83ರ ಮೇಲೆ ಶೇ 100ರವರೆಗೆ ಸಾಮಾನ್ಯ ದರದ ಶೇ 110, ಶೇ 100 ದಾಟಿದರೆ ಶೇ 120. ‘ಅ’ ಸಾಮಾನ್ಯ ದರದಲ್ಲಿ 480 ರೂ. ಪಡೆಯುತ್ತಾನೆ. ‘ಬ’ ಸರಿಯಾಗಿ ಶೇ 100ರಲ್ಲಿ ನಿಂತಿದ್ದಾನೆ, ದಾಟಿಲ್ಲ. ಆದ್ದರಿಂದ 8.80 ರೂ. ದರದಲ್ಲಿ 704 ರೂ. ‘ಕ’ಗೆ 9.60ರಂತೆ 960 ರೂ. ಸರಿಯಾಗಿ ಶೇ 100ರಲ್ಲಿ ನಿಂತವನಿಗೆ ಟೇಲರ್‌ನಲ್ಲಿ ಮೇಲ್ದರ, ಮೆರಿಕ್‌ನಲ್ಲಿ ನಡುವಿನ ದರ. ಪರೀಕ್ಷೆಯಲ್ಲಿ ಬೇಕೆಂದೇ ಒಬ್ಬ ಕೆಲಸಗಾರನನ್ನು ಈ ಗಡಿಯ ಮೇಲೆ ನಿಲ್ಲಿಸಿರುತ್ತಾರೆ.

## ಹಂತ 4: ಪ್ರೀಮಿಯಂ ಬೋನಸ್‌ಗೆ ಹೋಗುವ ಮುನ್ನ ತುಂಡನ್ನು ಗಂಟೆಯಾಗಿಸಿ

ತುಂಡು ದರದಲ್ಲಿ ನಾವು ತುಂಡು ಎಣಿಸುತ್ತಿದ್ದೆವು. ಹಾಲ್ಸೆ ಮತ್ತು ರೋವನ್ ಯೋಜನೆಗಳು ಎಣಿಸುವುದು ಉಳಿಸಿದ ಸಮಯವನ್ನು. ಈ ಬದಲಾವಣೆಯನ್ನು ಹಾಳೆಯ ಮೇಲೆ ಮಾಡದೆ ಮನಸ್ಸಿನಲ್ಲೇ ಮಾಡಹೋದಾಗ ಎಡವುತ್ತಾರೆ. ಪ್ರತಿ ಕೆಲಸಗಾರನಿಗೂ ಮೂರು ಅಂಕಣ ಹಾಕಿ: ನಿಗದಿತ ಸಮಯ, ಹಿಡಿದ ಸಮಯ, ಉಳಿಸಿದ ಸಮಯ.

‘ಕ’ 100 ತುಂಡು ಮಾಡಿದ್ದಾನೆ. ಅಷ್ಟಕ್ಕೆ ನಿಗದಿತ ಸಮಯ 100 × 6 = 600 ನಿಮಿಷ, ಅಂದರೆ 10 ಗಂಟೆ. ಅವನಿಗೆ ಹಿಡಿದದ್ದು 8 ಗಂಟೆ. ಉಳಿಸಿದ್ದು 2 ಗಂಟೆ. ನಿಗದಿತ ಸಮಯವೆಂದರೆ ದಿನದ 8 ಗಂಟೆ ಅಲ್ಲ, ಅವನು ಮಾಡಿದಷ್ಟು ಕೆಲಸಕ್ಕೆ ಕೊಡಬಹುದಾಗಿದ್ದ ಸಮಯ. ಇದೊಂದು ಮಾತು ಗಟ್ಟಿಯಾದರೆ ಅರ್ಧ ಅಧ್ಯಾಯ ಗಟ್ಟಿ.

‘ಬ’ಗೆ ನಿಗದಿತವೂ 8, ಹಿಡಿದದ್ದೂ 8, ಉಳಿತಾಯ ಸೊನ್ನೆ. ‘ಅ’ಗೆ ನಿಗದಿತ 6 ಗಂಟೆ, ಹಿಡಿದದ್ದು 8. ಇಲ್ಲಿ ಉಳಿತಾಯ ಋಣ 2 ಗಂಟೆ ಎಂದು ಬರೆದು ಕೂಲಿಯಿಂದ ಕಳೆಯಬಾರದು. ಈ ಎರಡೂ ಯೋಜನೆಗಳಲ್ಲಿ ಹಿಡಿದ ಸಮಯದ ಕೂಲಿಗೆ ಖಾತರಿ ಇದೆ. ‘ಅ’, ‘ಬ’ ಇಬ್ಬರಿಗೂ 640 ರೂ., ಬೋನಸ್ ಇಲ್ಲ.

ಹಿಡಿದ ಸಮಯದ ಅಂಕಣಕ್ಕೆ ಏನು ಹೋಗಬೇಕು ಎಂಬುದೂ ಗೊಂದಲದ ಜಾಗ. ‘ಕ’ನ ಟೈಮ್ ಕಾರ್ಡ್‌ನಲ್ಲಿ 9 ಗಂಟೆ ಇದೆ, ಅದರಲ್ಲಿ 1 ಗಂಟೆ ಯಂತ್ರ ಕೆಟ್ಟು ನಿಂತಿತ್ತು ಎಂದುಕೊಳ್ಳಿ. ಹಿಡಿದ ಸಮಯ 8 ಗಂಟೆಯೇ. ನಿಂತ 1 ಗಂಟೆಗೆ 80 ರೂ. ಪ್ರತ್ಯೇಕವಾಗಿ ಕೊಡಬೇಕು. ಅದು ಅಸಹಜ ನಿಷ್ಕ್ರಿಯ ಸಮಯವಾದ್ದರಿಂದ ಬಿಡಿಭಾಗದ ವೆಚ್ಚಕ್ಕೆ ಸೇರದೆ ಕಾಸ್ಟಿಂಗ್ ಲಾಭ–ನಷ್ಟ ಖಾತೆಗೆ ಹೋಗುತ್ತದೆ. 9 ಗಂಟೆ ಎಂದು ಹಿಡಿದರೆ ಉಳಿತಾಯ 1 ಗಂಟೆಗೆ ಇಳಿದು, ಯಂತ್ರ ಕೆಟ್ಟ ಶಿಕ್ಷೆಯನ್ನು ಕೆಲಸಗಾರನ ಬೋನಸ್ ಹೊತ್ತಂತಾಗುತ್ತದೆ.

ತಿರಸ್ಕೃತ ತುಂಡುಗಳ ಬಗ್ಗೆ ಒಂದು ಮಾತು. ಒಪ್ಪಿದ ತುಂಡಿಗೆ ಮಾತ್ರ ಲೆಕ್ಕ ಎಂದು ಪ್ರಶ್ನೆ ಹೇಳಿದರೆ ನಿಗದಿತ ಸಮಯದ ಅಂಕಣದಲ್ಲಿ ಕಳೆಯಿರಿ, ಹಿಡಿದ ಸಮಯವನ್ನು ಮುಟ್ಟಬೇಡಿ. 100ರಲ್ಲಿ 5 ತಿರಸ್ಕೃತವಾದರೆ 95 × 6 = 570 ನಿಮಿಷ, 9.5 ಗಂಟೆ. ಉಳಿತಾಯ 1.5 ಗಂಟೆ. ಕೆಟ್ಟ ತುಂಡು ಮಾಡಲೂ ಸಮಯ ಹಿಡಿದಿದೆಯಷ್ಟೆ.

## ಹಂತ 5: ಹಾಲ್ಸೆ ಮತ್ತು ರೋವನ್

ಎರಡೂ ಸೂತ್ರಗಳ ಮೊದಲ ಭಾಗ ಒಂದೇ: ಹಿಡಿದ ಸಮಯ × ಗಂಟೆಯ ದರ. ವ್ಯತ್ಯಾಸ ಇರುವುದು ಬೋನಸ್‌ನಲ್ಲಿ ಮಾತ್ರ.

```
ಹಾಲ್ಸೆ ಬೋನಸ್ = ½ × ಉಳಿಸಿದ ಸಮಯ × ದರ
ರೋವನ್ ಬೋನಸ್ = (ಉಳಿಸಿದ ಸಮಯ ÷ ನಿಗದಿತ ಸಮಯ) × ಹಿಡಿದ ಸಮಯ × ದರ
```

ಹಾಲ್ಸೆಯಲ್ಲಿ ಸಾಮಾನ್ಯವಾಗಿ ಶೇ 50. ಪ್ರಶ್ನೆ ಬೇರೆ ಪಾಲು ಹೇಳಿದ್ದರೆ ½ರ ಜಾಗಕ್ಕೆ ಅದನ್ನು ಹಾಕಿ.

‘ಕ’ನಿಗೆ ಹಾಲ್ಸೆಯಲ್ಲಿ ಕೂಲಿ 640, ಬೋನಸ್ ½ × 2 × 80 = 80, ಒಟ್ಟು 720 ರೂ. ರೋವನ್‌ನಲ್ಲಿ ಕೂಲಿ 640, ಬೋನಸ್ (2 ÷ 10) × 8 × 80 = 128, ಒಟ್ಟು 768 ರೂ.

ರೋವನ್‌ನ ಛೇದದಲ್ಲಿ ಇರುವುದು ನಿಗದಿತ ಸಮಯ, 10. ಅಲ್ಲಿ 8 ಬರೆದುಬಿಟ್ಟರೆ ಬೋನಸ್ 160 ಆಗುತ್ತದೆ. ಇದು ಉಳಿಸಿದ 2 ಗಂಟೆಯ ಪೂರ್ತಿ ಕೂಲಿಗೆ ಸಮ. ಉಳಿತಾಯವನ್ನು ಕೆಲಸಗಾರ, ಮಾಲೀಕ ಇಬ್ಬರೂ ಹಂಚಿಕೊಳ್ಳುವುದೇ ಈ ಯೋಜನೆಗಳ ಜೀವ. ಬೋನಸ್ ಪೂರ್ತಿ ಉಳಿತಾಯಕ್ಕೆ ಸಮನಾಗಿದ್ದರೆ ಮಾಲೀಕನಿಗೆ ಏನೂ ಉಳಿಯಲಿಲ್ಲ ಎಂದಾಯಿತು. ಹೀಗೆ ಬಂದ ಕೂಡಲೇ ಛೇದ ನೋಡಿ.

ಇನ್ನು ಪರೀಕ್ಷೆಯಲ್ಲಿ ಹೆಚ್ಚು ಕೇಳುವ ಎರಡು ಅಂಕಿಗಳು. ಗಂಟೆಯ ಪರಿಣಾಮಕಾರಿ ಗಳಿಕೆ ಎಂದರೆ ಒಟ್ಟು ಗಳಿಕೆ ಭಾಗಿಸು ಹಿಡಿದ ಸಮಯ: ಹಾಲ್ಸೆಯಲ್ಲಿ 90 ರೂ., ರೋವನ್‌ನಲ್ಲಿ 96 ರೂ. ತುಂಡೊಂದರ ಕೂಲಿ ವೆಚ್ಚ ಎಂದರೆ ಒಟ್ಟು ಗಳಿಕೆ ಭಾಗಿಸು ತುಂಡುಗಳ ಸಂಖ್ಯೆ: ಹಾಲ್ಸೆಯಲ್ಲಿ 7.20 ರೂ., ರೋವನ್‌ನಲ್ಲಿ 7.68 ರೂ. ಕೆಲಸಗಾರನ ಗಂಟೆಯ ಗಳಿಕೆ 80ಕ್ಕಿಂತ ಏರಿದೆ, ತುಂಡಿನ ವೆಚ್ಚ 8ಕ್ಕಿಂತ ಇಳಿದಿದೆ. ಸಮಯ ಉಳಿದಾಗಲೆಲ್ಲ ಈ ಎರಡೂ ಒಟ್ಟಿಗೆ ಆಗಲೇಬೇಕು. ಒಂದು ಆಗಿ ಇನ್ನೊಂದು ಆಗದಿದ್ದರೆ ಎಲ್ಲೋ ತಪ್ಪಿದೆ.

## ಹಂತ 6: ಯಾವುದು ಹೆಚ್ಚು ಬರಬೇಕು ಎಂದು ಮೊದಲೇ ತಿಳಿದಿರಿ

ರೋವನ್ ಯಾವಾಗಲೂ ಹೆಚ್ಚು ಕೊಡುತ್ತದೆ ಎಂದು ಬಹಳಷ್ಟು ಮಂದಿ ನಂಬಿದ್ದಾರೆ. ಪಠ್ಯದ ಉದಾಹರಣೆಗಳಲ್ಲಿ ಉಳಿತಾಯ ಸಣ್ಣದಿರುವುದರಿಂದ ಹಾಗೆ ಕಾಣುತ್ತದೆ ಅಷ್ಟೆ. ನಿಗದಿತ ಸಮಯ 10 ಗಂಟೆ, ದರ 80 ರೂ. ಹಾಗೇ ಇಟ್ಟು, ಹಿಡಿದ ಸಮಯವನ್ನು ಮಾತ್ರ ಬದಲಿಸುತ್ತಾ ಬೋನಸ್ ನೋಡೋಣ.

| ಹಿಡಿದ ಗಂಟೆ | ಹಾಲ್ಸೆ ಬೋನಸ್ (ರೂ.) | ರೋವನ್ ಬೋನಸ್ (ರೂ.) |
|---|---|---|
| 8 | 80 | 128 |
| 5 | 200 | 200 |
| 4 | 240 | 192 |
| 2 | 320 | 128 |

ಹಿಡಿದ ಸಮಯ ನಿಗದಿತ ಸಮಯದ ಸರಿ ಅರ್ಧವಾದಾಗ ಎರಡೂ ಸಮ. ಕಾರಣ ಸೂತ್ರದಲ್ಲೇ ಇದೆ. ರೋವನ್ ಬೋನಸ್ ಅನ್ನು ‘ಉಳಿಸಿದ ಸಮಯ × ದರ × (ಹಿಡಿದದ್ದು ÷ ನಿಗದಿತ)’ ಎಂದು ಜೋಡಿಸಿ ಬರೆದರೆ, ಹಾಲ್ಸೆಯ ½ ಇದ್ದ ಜಾಗದಲ್ಲಿ ಈ ಭಿನ್ನರಾಶಿ ಕುಳಿತಿರುವುದು ಕಾಣುತ್ತದೆ. ಅದು ಅರ್ಧಕ್ಕಿಂತ ಹೆಚ್ಚಿದ್ದರೆ ರೋವನ್ ಮೇಲು, ಕಡಿಮೆ ಇದ್ದರೆ ಹಾಲ್ಸೆ ಮೇಲು. ಕೊನೆಯ ಸಾಲನ್ನು ಗಮನಿಸಿ: 8 ಗಂಟೆ ಹಿಡಿದವನಿಗೂ 2 ಗಂಟೆಯಲ್ಲಿ ಮುಗಿಸಿದವನಿಗೂ ರೋವನ್‌ನಲ್ಲಿ ಅದೇ 128 ರೂ. ಬೋನಸ್. ನಿಗದಿತ ಸಮಯವನ್ನೇ ಸಡಿಲವಾಗಿ ಇಟ್ಟಿದ್ದಾಗ, ಅವಸರದ ಕಳಪೆ ಕೆಲಸಕ್ಕೆ ಬೋನಸ್ ಸುರಿಯದಂತೆ ಇದು ತಡೆ. ‘ರೋವನ್ ಯೋಜನೆಯ ಗುಣವೇನು’ ಎಂಬ ಟಿಪ್ಪಣಿಗೆ ಈ ಒಂದು ಪಟ್ಟಿ ಸಾಕು.

ಲೆಕ್ಕ ಆರಂಭಿಸುವ ಮುನ್ನವೇ ಹಿಡಿದ ಸಮಯ ಅರ್ಧದ ಯಾವ ಕಡೆ ಇದೆ ನೋಡಿ, ಯಾವ ಬೋನಸ್ ಹೆಚ್ಚು ಬರಬೇಕು ಎಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಉತ್ತರ ಅದಕ್ಕೆ ವಿರುದ್ಧ ಬಂದರೆ ಮುಂದೆ ಹೋಗಬೇಡಿ. ಈ ಗುರುತು ಹಾಲ್ಸೆಯ ಪಾಲು ಶೇ 50 ಇದ್ದಾಗ ಮಾತ್ರ ಹೀಗೆ ಕೆಲಸ ಮಾಡುತ್ತದೆ ಎಂಬುದು ನೆನಪಿರಲಿ.

## ಹಂತ 7: ಹಿಂದಿನಿಂದ ಕೇಳುವ ಪ್ರಶ್ನೆಗಳು

ಗಳಿಕೆ ಕೊಟ್ಟು ನಿಗದಿತ ಸಮಯ ಕೇಳಿದರೆ ಅನೇಕರು ಕೈಚೆಲ್ಲುತ್ತಾರೆ. ಹಿಡಿದ ಸಮಯದ ಕೂಲಿಯನ್ನು ಮೊದಲು ಕಳೆದು ಬೋನಸ್ ಒಂದನ್ನೇ ಬೇರೆ ಮಾಡಿದರೆ ಉಳಿದದ್ದು ಸುಲಭ.

6 ಗಂಟೆ ಹಿಡಿದ ಕೆಲಸಕ್ಕೆ, ಗಂಟೆಗೆ 80 ರೂ. ದರದಲ್ಲಿ, ಹಾಲ್ಸೆ ಯೋಜನೆಯಂತೆ 600 ರೂ. ಬಂದಿದೆ. ಕೂಲಿ 480, ಹಾಗಾದರೆ ಬೋನಸ್ 120. ಉಳಿಸಿದ ಪ್ರತಿ ಗಂಟೆಗೆ ಬೋನಸ್ 40 ರೂ. ಆದ್ದರಿಂದ ಉಳಿಸಿದ್ದು 3 ಗಂಟೆ, ನಿಗದಿತ ಸಮಯ 9 ಗಂಟೆ. ಇದೇ ಕೆಲಸಕ್ಕೆ ರೋವನ್‌ನಲ್ಲಿ ಬೋನಸ್ (3 ÷ 9) × 480 = 160, ಒಟ್ಟು 640 ರೂ. ಹಿಡಿದದ್ದು ಅರ್ಧಕ್ಕಿಂತ ಹೆಚ್ಚು, ರೋವನ್ ಮೇಲು; ತಾಳೆಯಾಯಿತು.

ಇದಕ್ಕಿಂತ ಬಿಗಿಯಾದದ್ದು ಇಬ್ಬರು ಕೆಲಸಗಾರರ ಪ್ರಶ್ನೆ. ಒಂದೇ ಬಗೆಯ ಕೆಲಸ, ನಿಗದಿತ ಸಮಯ 50 ಗಂಟೆ. ‘ಮ’ 40 ಗಂಟೆಯಲ್ಲಿ ಮುಗಿಸಿದ, ಅವನಿಗೆ ಹಾಲ್ಸೆ. ‘ಯ’ 30 ಗಂಟೆಯಲ್ಲಿ ಮುಗಿಸಿದ, ಅವನಿಗೆ ರೋವನ್. ಕಾರ್ಖಾನೆ ಮೇಲ್ವೆಚ್ಚ ಹಿಡಿದ ಪ್ರತಿ ಗಂಟೆಗೆ 60 ರೂ. ಕಾರ್ಖಾನೆ ವೆಚ್ಚ ‘ಮ’ನ ಕೆಲಸದ್ದು 11,000 ರೂ., ‘ಯ’ನದ್ದು 10,160 ರೂ. ಇಬ್ಬರಿಗೂ ಗಂಟೆಯ ದರ ಒಂದೇ, ಕಚ್ಚಾ ಸಾಮಗ್ರಿಯ ವೆಚ್ಚವೂ ಒಂದೇ. ದರ ಎಷ್ಟು, ಸಾಮಗ್ರಿ ಎಷ್ಟು?

ದರ ತಿಳಿದಿಲ್ಲ, ಆದರೂ ಗಳಿಕೆಯನ್ನು ‘ದರದ ಇಷ್ಟು ಪಟ್ಟು’ ಎಂದು ಬರೆಯಬಹುದು. ‘ಮ’ಗೆ 40 ಗಂಟೆ, ಜೊತೆಗೆ ಉಳಿಸಿದ 10ರಲ್ಲಿ ಅರ್ಧ 5, ಒಟ್ಟು ದರದ 45 ಪಟ್ಟು. ‘ಯ’ಗೆ 30 ಗಂಟೆ, ಜೊತೆಗೆ (20 ÷ 50) × 30 = 12, ಒಟ್ಟು 42 ಪಟ್ಟು. ಮೇಲ್ವೆಚ್ಚ ‘ಮ’ಗೆ 40 × 60 = 2,400, ‘ಯ’ಗೆ 30 × 60 = 1,800.

ಈಗ ಒಂದರಲ್ಲಿ ಇನ್ನೊಂದನ್ನು ಕಳೆಯಿರಿ. ಸಾಮಗ್ರಿ ಎರಡರಲ್ಲೂ ಒಂದೇ ಆದ್ದರಿಂದ ಅದು ತಾನಾಗಿ ಮಾಯವಾಗುತ್ತದೆ. ಕಾರ್ಖಾನೆ ವೆಚ್ಚದ ಅಂತರ 840. ಅದರಲ್ಲಿ ಮೇಲ್ವೆಚ್ಚದ ಅಂತರ 600. ಉಳಿದ 240 ಎಂದರೆ ದರದ 3 ಪಟ್ಟು. ದರ 80 ರೂ. ಸಾಮಗ್ರಿ 11,000 − 3,600 − 2,400 = 5,000 ರೂ. ‘ಯ’ನ ಕಡೆಯಿಂದಲೂ ನೋಡಿ: 5,000 + 3,360 + 1,800 = 10,160. ಸರಿ ಹೋಯಿತು.

ಈ ಪ್ರಶ್ನೆಯಲ್ಲಿ ತಪ್ಪುವುದು ಬೀಜಗಣಿತದಲ್ಲಲ್ಲ, ಮೇಲ್ವೆಚ್ಚದಲ್ಲಿ. 60 ರೂ. ದರವನ್ನು ನಿಗದಿತ 50 ಗಂಟೆಗೆ ಹಚ್ಚಿದರೆ ಇಬ್ಬರಿಗೂ 3,000 ಬಂದು ಅಂತರವೇ ಇಲ್ಲವಾಗುತ್ತದೆ, ದರ 280 ರೂ. ಎಂದು ಬರುತ್ತದೆ. ‘ಮ’ನ ಗಳಿಕೆಯೇ 12,600, ಅಂದರೆ ಒಟ್ಟು ಕಾರ್ಖಾನೆ ವೆಚ್ಚಕ್ಕಿಂತ ಹೆಚ್ಚು! ಸಾಮಗ್ರಿಯ ವೆಚ್ಚ ಋಣವಾಗಿ ಬಂದರೆ ಮೊದಲು ನೋಡಬೇಕಾದ ಸಾಲು ಇದು.

## ಹಂತ 8: ಲೇಬರ್ ಟರ್ನೋವರ್ — ಮೊದಲು ಹಾಜರಿ ಪುಸ್ತಕ ತಾಳೆ ಮಾಡಿ

ಟರ್ನೋವರ್ ದರ ಎಂದರೆ ಕೆಲಸಗಾರರು ಬಿಟ್ಟುಹೋಗುವ, ಅವರ ಜಾಗಕ್ಕೆ ಬೇರೆಯವರು ಬರುವ ವೇಗ. ಸೂತ್ರಗಳು ಸಣ್ಣವು. ಆದರೆ ಯಾರನ್ನು ಯಾವ ಗುಂಪಿಗೆ ಸೇರಿಸಬೇಕು ಎಂಬಲ್ಲಿ ಎಡವುತ್ತಾರೆ.

ಒಂದು ತ್ರೈಮಾಸಿಕದ ಅಂಕಿ ತೆಗೆದುಕೊಳ್ಳೋಣ. ಆರಂಭದಲ್ಲಿ 580 ಮಂದಿ, ಕೊನೆಯಲ್ಲಿ 620. ರಾಜೀನಾಮೆ ಕೊಟ್ಟವರು 15, ಕೆಲಸದಿಂದ ತೆಗೆದವರು 9. ಹೊಸದಾಗಿ ಸೇರಿದವರಲ್ಲಿ 18 ಮಂದಿ ಬಿಟ್ಟವರ ಜಾಗಕ್ಕೆ ಬಂದವರು, ಉಳಿದವರು ವಿಸ್ತರಣೆಗಾಗಿ ಬಂದವರು.

ಬಿಟ್ಟವರು ಎಂದರೆ ಸ್ವಂತ ಇಚ್ಛೆಯಿಂದ ಹೋದವರೂ ತೆಗೆಯಲ್ಪಟ್ಟವರೂ ಸೇರಿ 24. ಸೇರಿದವರ ಸಂಖ್ಯೆ ನೇರವಾಗಿ ಕೊಟ್ಟಿಲ್ಲ, ಹಾಜರಿ ಪುಸ್ತಕದ ಸಮೀಕರಣದಿಂದ ಬರುತ್ತದೆ: ಆರಂಭ − ಬಿಟ್ಟವರು + ಸೇರಿದವರು = ಕೊನೆ. 580 − 24 + ಸೇರಿದವರು = 620, ಆದ್ದರಿಂದ ಸೇರಿದವರು 64. ಅದರಲ್ಲಿ ಬದಲಿ 18, ವಿಸ್ತರಣೆಗೆ 46. ಎಲ್ಲ ಅಂಕಿಗಳನ್ನು ಕೊಟ್ಟಿದ್ದರೂ ಈ ಸಮೀಕರಣ ಒಮ್ಮೆ ಹಾಕಿ ನೋಡಿ. ತಾಳೆಯಾಗದಿದ್ದರೆ ಯಾವುದೋ ಗುಂಪನ್ನು ಎರಡು ಸಲ ಎಣಿಸಿದ್ದೀರಿ.

ಸರಾಸರಿ ಕೆಲಸಗಾರರು (580 + 620) ÷ 2 = 600. ಮೂರೂ ದರಗಳ ಛೇದ ಇದೇ. ಆರಂಭದ ಸಂಖ್ಯೆಯನ್ನು ಛೇದವಾಗಿ ಹಾಕುವುದು ಇಲ್ಲಿನ ಸಾಮಾನ್ಯ ತಪ್ಪು.

## ಹಂತ 9: ಮೂರು ದರಗಳು

- ಬೇರ್ಪಡಿಕೆ ವಿಧಾನ: 24 ÷ 600 × 100 = ಶೇ 4.
- ಬದಲಿ ವಿಧಾನ: 18 ÷ 600 × 100 = ಶೇ 3. ಇಲ್ಲಿ 64 ಬರೆದರೆ ತಪ್ಪು. ವಿಸ್ತರಣೆಗೆ ಬಂದ 46 ಮಂದಿ ಯಾರ ಜಾಗಕ್ಕೂ ಬಂದವರಲ್ಲ.
- ಫ್ಲಕ್ಸ್ ವಿಧಾನ: (24 + 18) ÷ 600 × 100 = ಶೇ 7.

ಫ್ಲಕ್ಸ್ ವಿಷಯದಲ್ಲಿ ಪಠ್ಯಗಳು ಒಂದೇ ಮಾತು ಹೇಳುವುದಿಲ್ಲ. ಕೆಲವರು ಬದಲಿಯವರ ಬದಲು ಸೇರಿದವರೆಲ್ಲರನ್ನೂ ಕೂಡಿಸುತ್ತಾರೆ, ಆಗ (24 + 64) ÷ 600 = ಶೇ 14.67. ಕೆಲವರು ಮೊತ್ತದ ಅರ್ಧ ತೆಗೆದುಕೊಳ್ಳುತ್ತಾರೆ. ನಿಮ್ಮ ಪಠ್ಯಕ್ರಮದ್ದನ್ನು ಅನುಸರಿಸಿ, ಉತ್ತರದ ಮೇಲೆ ಒಂದು ಸಾಲಿನಲ್ಲಿ ಯಾವುದನ್ನು ಬಳಸಿದ್ದೀರಿ ಎಂದು ಬರೆಯಿರಿ. ತಿದ್ದುವವರಿಗೆ ಆ ಒಂದು ಸಾಲು ಬಹಳ ಮುಖ್ಯ. ಅದಿಲ್ಲದೆ ಬಂದ ಬೇರೆ ಉತ್ತರ ತಪ್ಪೋ, ಬೇರೆ ವಿಧಾನವೋ ಎಂದು ತಿಳಿಯುವುದಿಲ್ಲ.

ಪ್ರಶ್ನೆ ‘ಸಮಾನ ವಾರ್ಷಿಕ ದರ’ ಕೇಳಿದರೆ, ಅವಧಿಯ ದರವನ್ನು 365ರಿಂದ ಗುಣಿಸಿ ಅವಧಿಯ ದಿನಗಳಿಂದ ಭಾಗಿಸಿ. ತ್ರೈಮಾಸಿಕ ಎಂದಷ್ಟೇ ಇದ್ದರೆ 4ರಿಂದ ಗುಣಿಸಿದರೆ ಸಾಕು: ಶೇ 16, ಶೇ 12, ಶೇ 28. ಅವಧಿ ಒಂದು ವರ್ಷವೇ ಆಗಿದ್ದರೆ ಏನನ್ನೂ ಗುಣಿಸಬೇಕಿಲ್ಲ.

## ಹಂತ 10: ದರ ಕೊಟ್ಟು ಜನರನ್ನು ಕೇಳಿದಾಗ

ಬೇರ್ಪಡಿಕೆ ದರ ಶೇ 5, ಬದಲಿ ದರ ಶೇ 3, ಫ್ಲಕ್ಸ್ ದರ ಶೇ 14. ಬದಲಿಯಾಗಿ ಸೇರಿದವರು 24. ಒಟ್ಟು ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಬಿಟ್ಟರು, ಆರಂಭದಲ್ಲಿ ಮತ್ತು ಕೊನೆಯಲ್ಲಿ ಎಷ್ಟಿದ್ದರು?

ಯಾವ ಗುಂಪಿನ ದರವೂ ಸಂಖ್ಯೆಯೂ ಎರಡೂ ತಿಳಿದಿವೆಯೋ ಅಲ್ಲಿಂದ ಹೊರಡಬೇಕು. ಅದು ಬದಲಿ ಗುಂಪು. 24 ಎಂದರೆ ಶೇ 3, ಹಾಗಾದರೆ ಸರಾಸರಿ 800. ಬಿಟ್ಟವರು 800ರ ಶೇ 5, ಅಂದರೆ 40.

ಫ್ಲಕ್ಸ್ ಬಳಸುವ ಮುನ್ನ ಒಂದು ಪರೀಕ್ಷೆ. 5 ಮತ್ತು 3 ಕೂಡಿಸಿದರೆ 8, ಕೊಟ್ಟಿರುವುದು 14. ಆದ್ದರಿಂದ ಇಲ್ಲಿ ‘ಬಿಟ್ಟವರು + ಬದಲಿಯವರು’ ಎಂಬ ಸೂತ್ರ ಇರಲಾರದು. ‘ಬಿಟ್ಟವರು + ಸೇರಿದವರೆಲ್ಲ’ ಎಂದೇ ಹಿಡಿಯಬೇಕು. ಕೊಟ್ಟ ದರ 8 ಆಗಿದ್ದಿದ್ದರೆ ಮೊದಲ ಎರಡು ದರಗಳ ಮೊತ್ತವನ್ನೇ ಮತ್ತೆ ಹೇಳಿದಂತಾಗುತ್ತಿತ್ತು, ವಿಸ್ತರಣೆಗೆ ಬಂದವರ ಸಂಖ್ಯೆ ಅದರಿಂದ ಸಿಗುತ್ತಿರಲಿಲ್ಲ.

800ರ ಶೇ 14 ಎಂದರೆ 112. ಅದರಲ್ಲಿ ಬಿಟ್ಟ 40 ಕಳೆದರೆ ಸೇರಿದವರು 72. ಬದಲಿ 24 ಕಳೆದರೆ ವಿಸ್ತರಣೆಗೆ ಬಂದವರು 48.

ಇನ್ನು ಆರಂಭ ಮತ್ತು ಕೊನೆ. ಸೇರಿದವರು 72, ಬಿಟ್ಟವರು 40, ನಿವ್ವಳ ಹೆಚ್ಚಳ 32. ಸರಾಸರಿ 800 ಎಂದರೆ ಅದರ ಎರಡೂ ಕಡೆಗೆ 32ರ ಅರ್ಧರ್ಧ ಹಂಚಿಕೆಯಾಗುತ್ತದೆ: ಆರಂಭದಲ್ಲಿ 784, ಕೊನೆಯಲ್ಲಿ 816. 32ನ್ನು ಪೂರ್ತಿಯಾಗಿ 800ಕ್ಕೆ ಕೂಡಿಸಿ ಕೊನೆಯ ಸಂಖ್ಯೆ 832 ಎಂದು ಬರೆಯುವವರು ಸರಾಸರಿಯನ್ನೇ ಆರಂಭದ ಸಂಖ್ಯೆ ಎಂದು ತಿಳಿದಿರುತ್ತಾರೆ. ತಾಳೆ ನೋಡಿ: 784 − 40 + 72 = 816, ಮತ್ತು (784 + 816) ÷ 2 = 800.